ಸಾವಿರ ಕಡ್ಡಿಗೆ ನಲವತ್ತು ರೂಪಾಯಿ: ಮನೆಯಲ್ಲಿ ಊದಿನಕಡ್ಡಿ ಹೊಸೆಯುವ ಕೆಲಸದ ಗಂಟೆ ಲೆಕ್ಕ

ಊದಿನಕಡ್ಡಿ ಹೊಸೆಯುವವರನ್ನು ದರ ಎಷ್ಟು ಎಂದು ಕೇಳಿದರೆ ಸಾವಿರಕ್ಕೆ ಇಷ್ಟು ಎಂಬ ಉತ್ತರ ಸಿಗುತ್ತದೆ. ಗಂಟೆಗೆ ಎಷ್ಟು ಬೀಳುತ್ತದೆ ಎಂದು ಕೇಳಿದರೆ ಹೆಚ್ಚಿನವರ ಬಳಿ ಉತ್ತರವಿರುವುದಿಲ್ಲ, ಏಕೆಂದರೆ ಆ ಲೆಕ್ಕವನ್ನು ಯಾರೂ ಹಾಕಿಸಿರುವುದಿಲ್ಲ. ಏಜೆಂಟರಿಗೆ ಅದು ಬೇಕಿಲ್ಲ. ಮನೆಯವರಿಗೂ ಅಡುಗೆ, ನೀರು, ಮಕ್ಕಳ ನಡುವೆ ಬಿಡಿಬಿಡಿಯಾಗಿ ಕುಳಿತು ಮಾಡಿದ ಕೆಲಸವನ್ನು ಗಂಟೆಗಳಲ್ಲಿ ಹಿಡಿಯುವುದು ಕಷ್ಟ. ಇಲ್ಲಿ ಒಂದು ಮನೆಯ ಲೆಕ್ಕವನ್ನು ಪೂರ್ತಿ ಬಿಡಿಸಿದ್ದೇವೆ. ಅದು ಮೈಸೂರಿನ ಹೊರವಲಯದ ಹಳ್ಳಿಯ ಮನೆ. ಹೊಸೆಯುವುದು ಒಬ್ಬ ಮಹಿಳೆ, ಎಣಿಸಿ ಒಣಗಿಸಲು ಅತ್ತೆಯ ಸಹಾಯ. ಇದು ಯಾವುದೋ ಒಂದೇ ವಿಳಾಸದ ಮನೆಯಲ್ಲ, ಇಂಥ ಕೆಲಸ ನಡೆಯುವ ಮನೆಗಳ ರೀತಿಯನ್ನು ಒಂದೆಡೆ ಕೂಡಿಸಿ ಕಟ್ಟಿದ ಮಾದರಿ. ದರ ಊರಿಂದ ಊರಿಗೆ ಬೇರೆಯಾಗುತ್ತದೆ, ಆದ್ದರಿಂದ ನಮ್ಮ ನಲವತ್ತರ ಜಾಗದಲ್ಲಿ ನಿಮ್ಮ ದರ ಹಾಕಿಕೊಂಡು ಓದಿ. ಲೆಕ್ಕದ ದಾರಿ ಬದಲಾಗುವುದಿಲ್ಲ.

ಈ ಮನೆಗೆ ಏಜೆಂಟ್ ಒಂದು ಸಲಕ್ಕೆ ಕೊಡುವುದು ಒಂದು ಕಿಲೋ ಬಿದಿರು ಕಡ್ಡಿ ಮತ್ತು ಮೂರೂವರೆ ಕಿಲೋ ಕಪ್ಪು ಪುಡಿ. ಎಂಟು ಇಂಚಿನ ತೆಳು ಕಡ್ಡಿಯಾದ್ದರಿಂದ ಕಿಲೋಗೆ ಸುಮಾರು ಐದು ಸಾವಿರ ಬರುತ್ತದೆ. ಪುಡಿಯಲ್ಲಿ ಇರುವುದು ಇದ್ದಿಲು, ಮರದ ಹೊಟ್ಟು ಮತ್ತು ಜಿಗಟು. ಜಿಗಟು ಒಂದು ಜಾತಿಯ ಮರದ ತೊಗಟೆಯ ಪುಡಿ, ನೀರು ಬಿದ್ದೊಡನೆ ಅಂಟಾಗುತ್ತದೆ. ಹೊಸೆದು ಒಣಗಿಸಿ ವಾಪಸ್ ಕೊಡುವಾಗ ಐದು ಸಾವಿರ ಬತ್ತಿ ಇರಬೇಕು, ತೂಕ 4 ಕಿಲೋ 400 ಗ್ರಾಂಗೆ ಕಡಿಮೆ ಇರಬಾರದು. ಕೊಟ್ಟದ್ದು ನಾಲ್ಕೂವರೆ ಕಿಲೋ, ಅಂದರೆ ಪಾತ್ರೆಗೆ ಅಂಟಿದ್ದು, ನೆಲಕ್ಕೆ ಉದುರಿದ್ದು ಎಲ್ಲ ಸೇರಿ ನೂರು ಗ್ರಾಂ ಮಾತ್ರ ಸವಕಳಿಗೆ ಬಿಟ್ಟಿದ್ದಾರೆ. ಇದು ಬಿಗಿಯಾದ ಷರತ್ತು. ಸುವಾಸನೆಯ ಎಣ್ಣೆಯಲ್ಲಿ ಅದ್ದುವ ಕೆಲಸ ಕಾರ್ಖಾನೆಯಲ್ಲೇ ನಡೆಯುತ್ತದೆ. ಮನೆಯಿಂದ ಹೋಗುವುದು ವಾಸನೆಯಿಲ್ಲದ ಕಪ್ಪು ಬತ್ತಿ.

ಕೆಲಸ ಶುರುವಾಗುವುದು ಕಲಸುವುದರಿಂದ. ಒಂದು ಕಿಲೋ ಪುಡಿಗೆ ಮುಕ್ಕಾಲು ಲೀಟರಿನ ಆಸುಪಾಸು ನೀರು ಹಿಡಿಯುತ್ತದೆ. ಪುಡಿಯಲ್ಲಿ ಜಿಗಟು ಎಷ್ಟಿದೆ ಎಂಬುದರ ಮೇಲೆ ಇದು ಹೆಚ್ಚು ಕಡಿಮೆಯಾಗುತ್ತದೆ. ಮೊದಲು ತಟ್ಟೆಗೆ ಸ್ವಲ್ಪ ನೀರು ಹಾಕಿ ಅದರ ಮೇಲೆ ಪುಡಿ ಸುರಿದರೆ ಇದ್ದಿಲ ದೂಳು ಏಳುವುದು ಬಹಳ ಕಡಿಮೆಯಾಗುತ್ತದೆ. ಒಣಪುಡಿಯ ಮೇಲೆ ನೀರು ಚೆಲ್ಲುವ ಅಭ್ಯಾಸ ಬಿಡಬೇಕು, ಆ ದೂಳು ಎದೆಗೂ ಹೋಗುತ್ತದೆ, ಅಡುಗೆಮನೆಗೂ ಹೋಗುತ್ತದೆ. ಹಿಟ್ಟು ಚಪಾತಿ ಹಿಟ್ಟಿಗಿಂತ ಮೆತ್ತಗೆ ಬಂದು, ಉಂಡೆ ಮಾಡಿದರೆ ಅಂಚು ಬಿರುಕು ಬಿಡದಿದ್ದರೆ ಹದ ಸರಿಯಾಗಿದೆ ಎಂದರ್ಥ. ಮೂರೂವರೆ ಕಿಲೋವನ್ನೂ ಒಟ್ಟಿಗೆ ಕಲಸಬಾರದು. ಜಿಗಟು ಹೊತ್ತು ಕಳೆದಂತೆ ಬಿಗಿಯಾಗುತ್ತದೆ, ಎರಡು ಗಂಟೆ ಬಿಟ್ಟ ಹಿಟ್ಟಿಗೆ ಮತ್ತೆ ನೀರು ಬೆರೆಸಿದರೆ ಮೊದಲಿನ ಅಂಟು ಬರುವುದಿಲ್ಲ. ನಾಲ್ಕು ಪಾಲಾಗಿ ಕಲಸಿ, ಕಲಸಿದ್ದರ ಮೇಲೆ ಒದ್ದೆ ಬಟ್ಟೆ ಮುಚ್ಚಿಡಬೇಕು.

ಹೊಸೆಯುವುದು ಮಣೆಯ ಮೇಲೆ. ಮಣೆಗೆ ಒಣಪುಡಿ ಸವರಿ, ಚಿಟಿಕೆ ಹಿಟ್ಟನ್ನು ಅಂಗೈಯಲ್ಲಿ ಸ್ವಲ್ಪ ಉದ್ದ ಮಾಡಿ, ಕಡ್ಡಿಯ ತುದಿ ಅದರ ಮೇಲಿಟ್ಟು ಅಂಗೈಯ ಬುಡದಿಂದ ಮುಂದಕ್ಕೆ ತಳ್ಳಬೇಕು. ಹಿಟ್ಟು ಕಡ್ಡಿಯ ಉದ್ದಕ್ಕೆ ಹರಡಿಕೊಂಡು ಬರುತ್ತದೆ. ಹಿಡಿಯಲು ಕೆಳಗೆ ಬಿಡುವ ಬರಿ ಕಡ್ಡಿ ಪ್ರತಿ ಬತ್ತಿಯಲ್ಲೂ ಒಂದೇ ಅಳತೆಯಿರಬೇಕು. ಕೈ ಪಳಗಿದವರಿಗೆ ಒಂದು ಬತ್ತಿಗೆ ಐದು ಸೆಕೆಂಡ್ ಸಾಕು. ಹಾಗೆ ನೋಡಿದರೆ ಗಂಟೆಗೆ ಏಳುನೂರು ದಾಟುತ್ತದೆ, ಐದು ಸಾವಿರಕ್ಕೆ ಏಳು ಗಂಟೆ ಬೇಕು.

ಹೆಚ್ಚಿನವರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಐದು ಸಾವಿರಕ್ಕೆ 200 ರೂಪಾಯಿ, ಏಳು ಗಂಟೆ, ಗಂಟೆಗೆ ಇಪ್ಪತ್ತೆಂಟೂವರೆ. ಮನೆ ಬಿಟ್ಟು ಹೋಗದೆ ಇಷ್ಟು ಬಂತಲ್ಲ ಎಂದು ಅನಿಸುತ್ತದೆ. ಆದರೆ ಮಣೆಯ ಮುಂದೆ ಕುಳಿತ ಹೊತ್ತು ಇಡೀ ಕೆಲಸವಲ್ಲ.

ಹೊಸೆಯುವುದರ ಆಚೆಗಿನ ಮೂರೂಕಾಲು ಗಂಟೆ

ನಾಲ್ಕು ಸಲ ಕಲಸಲು ನಲವತ್ತು ನಿಮಿಷ. ಹೊಸೆದ ಬತ್ತಿಯನ್ನು ಒಂದಕ್ಕೊಂದು ಅಂಟದಂತೆ ಹರಡಿ, ನಡುವೆ ತಿರುವಿ, ಸಂಜೆ ಒಳಗೆ ತರಲು ಮುಕ್ಕಾಲು ಗಂಟೆ. ಎಣಿಸಿ, ಸೊಟ್ಟಗಿದ್ದದ್ದನ್ನು ಬೇರೆ ಮಾಡಿ, ಕಟ್ಟು ಕಟ್ಟಲು ಐವತ್ತು ನಿಮಿಷ. ಮಣೆ, ತಟ್ಟೆ, ನೆಲ ತೊಳೆಯಲು ಇಪ್ಪತ್ತು. ಏಜೆಂಟರ ಗೋದಾಮಿಗೆ ಹೋಗಿ ಮಾಲು ಕೊಟ್ಟು ಹೊಸ ಪುಡಿ ತರಲು ನಲವತ್ತು. ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರಿಗೆ ಬಸ್ಸಿನ ಖರ್ಚು ಉಳಿಯಿತು, ಹೊತ್ತು ಮಾತ್ರ ಉಳಿಯಲಿಲ್ಲ. ಎಲ್ಲ ಕೂಡಿದರೆ ಮೂರೂಕಾಲು ಗಂಟೆ. ಐದು ಸಾವಿರ ಬತ್ತಿಯ ನಿಜವಾದ ಕೆಲಸ ಏಳು ಗಂಟೆಯಲ್ಲ, ಹತ್ತೂಕಾಲು ಗಂಟೆ. ಅತ್ತೆ ಎಣಿಸಿದ ಐವತ್ತು ನಿಮಿಷವೂ ಇದರಲ್ಲಿ ಸೇರಿದೆ, ಸೇರಲೇಬೇಕು. ಮನೆಯವರೇ ತಾನೆ ಎಂದು ಅದನ್ನು ಬಿಟ್ಟುಬಿಟ್ಟರೆ, ಆ ದುಡಿಮೆಯ ಲಾಭ ಪೂರ್ತಿಯಾಗಿ ಏಜೆಂಟರ ಪಾಲಾಗುತ್ತದೆ.

ಬಟವಾಡೆಯ ದಿನ ಕಡಿತಗಳು ಶುರುವಾಗುತ್ತವೆ. ಐದು ಸಾವಿರದಲ್ಲಿ 250 ಬತ್ತಿ ರಿಜೆಕ್ಟ್ ಆದವು, ಹತ್ತು ರೂಪಾಯಿ ಹೋಯಿತು. ತೂಕದಲ್ಲಿ 150 ಗ್ರಾಂ ಕಡಿಮೆ ಬಂತು, ಪುಡಿಯ ಬೆಲೆ ಎಂದು ಆರು ರೂಪಾಯಿ ಮುರಿದರು. ಸೋಪು, ಅಂಗೈಗೆ ಕೊಬ್ಬರಿ ಎಣ್ಣೆ, ಸಂಜೆಯ ದೀಪ ಎಂದು ಐದು ರೂಪಾಯಿ ಇಟ್ಟುಕೊಳ್ಳೋಣ. ಉಳಿದದ್ದು 179. ಹತ್ತೂಕಾಲು ಗಂಟೆಗೆ ಹಂಚಿದರೆ ಗಂಟೆಗೆ ಹದಿನೇಳೂವರೆ ರೂಪಾಯಿ. ತಿಂಗಳಿಗೆ ಹದಿಮೂರು ಸಲ ಮಾಲು ತಂದರೆ ಕೈಗೆ ಬರುವುದು 2,300 ರೂಪಾಯಿಯ ಹತ್ತಿರ, ಅದಕ್ಕೆ ತೆತ್ತ ಹೊತ್ತು 133 ಗಂಟೆ.

ಈ ಹದಿನೇಳೂವರೆ ಹೆಚ್ಚೋ ಕಡಿಮೆಯೋ ಎಂದು ತಿಳಿಯಲು ಪಕ್ಕದಲ್ಲಿ ಇನ್ನೊಂದು ಕೂಲಿ ಬೇಕು. 2025–26ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎಂಟು ಗಂಟೆಗೆ ಹಂಚಿದರೆ ನಲವತ್ತಾರು ರೂಪಾಯಿ ಚಿಲ್ಲರೆ. ಊದಿನಕಡ್ಡಿಯಲ್ಲಿ ಅಷ್ಟೇ ಬೀಳಬೇಕಾದರೆ ಸಾವಿರಕ್ಕೆ ಸುಮಾರು ನೂರು ರೂಪಾಯಿ ದರ ಇರಬೇಕಾಗುತ್ತದೆ. ಈಗ ಸಿಗುತ್ತಿರುವುದು ಅದರ ಅರ್ಧಕ್ಕೂ ಕಡಿಮೆ.

ದರ ಯಾಕೆ ಏರುವುದಿಲ್ಲ

ಏಜೆಂಟರ ಜೊತೆ ಜಗಳವಾಡುವ ಮೊದಲು ಅವರು ಯಾವುದಕ್ಕೆ ಹೋಲಿಸಿ ದರ ಹೇಳುತ್ತಾರೆ ಎಂಬುದು ಗೊತ್ತಿರಬೇಕು. ಅವರು ನೋಡುವುದು ಯಂತ್ರವನ್ನು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2020ರಲ್ಲಿ ಊದಿನಕಡ್ಡಿ ಯೋಜನೆ ಹೊರತಂದಾಗ ಕೊಟ್ಟ ಲೆಕ್ಕ ಹೀಗಿತ್ತು: ಒಂದು ಸ್ವಯಂಚಾಲಿತ ಯಂತ್ರ ದಿನಕ್ಕೆ ಸುಮಾರು 80 ಕಿಲೋ ಬತ್ತಿ ತೆಗೆಯುತ್ತದೆ, ತಯಾರಿಕೆಯ ಕೂಲಿ ಕಿಲೋಗೆ 15 ರೂಪಾಯಿ, ನಾಲ್ವರು ಸೇರಿ 1,200 ರೂಪಾಯಿ ಗಳಿಸುತ್ತಾರೆ, ತಲೆಗೆ 300. ನಮ್ಮ ಪ್ರಕರಣದ ಸಾವಿರ ಬತ್ತಿ ಒಣಗಿದ ಮೇಲೆ 900 ಗ್ರಾಂ ತೂಗುತ್ತದೆ. ಅಂದರೆ ಅಷ್ಟೇ ಬತ್ತಿಗೆ ಆ ಲೆಕ್ಕದಲ್ಲಿ ಯಂತ್ರದ ಕೂಲಿ ಹದಿಮೂರೂವರೆ, ಕೈಯದು ನಲವತ್ತು. ಎಣ್ಣೆಯಲ್ಲಿ ಅದ್ದಿದ ಮೇಲೆ ಕೊಳ್ಳುವವರಿಗೆ ಎರಡರ ನಡುವೆ ವ್ಯತ್ಯಾಸ ಕಾಣುವುದಿಲ್ಲ. ಮಾತ್ರವಲ್ಲ, ಯಂತ್ರದ ಬತ್ತಿ ಇನ್ನೂ ನೇರವಾಗಿರುತ್ತದೆ. 2019ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಊದಿನಕಡ್ಡಿ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ಹೊರಗಿನ ಮಾಲಿನ ಒತ್ತಡ ತಗ್ಗಿತು, ಆದರೆ ಆ ಜಾಗವನ್ನು ತುಂಬಬಲ್ಲದ್ದು ಇಲ್ಲಿನ ಯಂತ್ರಗಳು. ಆದ್ದರಿಂದ ಸಾದಾ ಕಪ್ಪು ಬತ್ತಿಯಲ್ಲಿ ಸಾವಿರಕ್ಕೆ ನೂರು ರೂಪಾಯಿ ಬರುತ್ತದೆಂದು ಕಾಯುವುದು ವ್ಯರ್ಥ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮಸಾಲೆ ಬತ್ತಿಯ ಮಾತು ಸ್ವಲ್ಪ ಬೇರೆ. ಅದರಲ್ಲಿ ಸುವಾಸನೆಯ ಪುಡಿ, ಅಂಟು, ಎಣ್ಣೆಗಳು ಹಿಟ್ಟಿನಲ್ಲೇ ಬೆರೆತಿರುತ್ತವೆ, ಹಿಟ್ಟು ಭಾರವಾಗಿ ಕೈಗೆ ಹತ್ತುತ್ತದೆ, ಈಗಲೂ ಹೆಚ್ಚಾಗಿ ಕೈಯಲ್ಲೇ ಹೊಸೆಯುತ್ತಾರೆ. ಯಂತ್ರದ ಪೈಪೋಟಿ ಕಡಿಮೆ ಇರುವುದರಿಂದ ಅಲ್ಲಿ ದರದ ಮಾತಿಗೆ ಜಾಗವಿದೆ. ಆದರೆ ಒಂದು ಸಾವಿರಕ್ಕೆ ಹಿಡಿಯುವ ಹೊತ್ತೂ ಹೆಚ್ಚು. ದರ ಎರಡು ಪಟ್ಟು ಎಂದು ಕೇಳಿ ಒಪ್ಪಿಕೊಳ್ಳುವ ಮೊದಲು ಇನ್ನೂರು ಬತ್ತಿ ಹೊಸೆದು ಗಡಿಯಾರ ನೋಡಿಕೊಳ್ಳಬೇಕು. ಹೊತ್ತೂ ಎರಡು ಪಟ್ಟಾಗಿದ್ದರೆ ಹೊಸೆಯುವ ಗಂಟೆಯ ಗಳಿಕೆ ಇದ್ದಲ್ಲೇ ಇರುತ್ತದೆ.

ಕಿಲೋ ಲೆಕ್ಕದ ಒಳಸುಳಿ

ಇದೇ ಮನೆಗೆ ಇನ್ನೊಬ್ಬ ಏಜೆಂಟ್ ಬಂದು, "ಅಕ್ಕಾ, ಸಾವಿರದ ಲೆಕ್ಕ ಯಾಕೆ, ಎಣಿಸೋ ಕಷ್ಟ ಬೇಡ, ಕಿಲೋಗೆ ನಲವತ್ತೆರಡು ಕೊಡ್ತೀನಿ" ಎಂದರೆ ಮೇಲ್ನೋಟಕ್ಕೆ ಎರಡು ರೂಪಾಯಿ ಹೆಚ್ಚಾದಂತೆ ಕಾಣುತ್ತದೆ. ಐದು ಸಾವಿರ ಬತ್ತಿಯ ತೂಕ ನಾಲ್ಕೂವರೆ ಕಿಲೋ, ಆದ್ದರಿಂದ ಸಿಗುವುದು 189 ರೂಪಾಯಿ. ಹಳೆಯ ದರದಲ್ಲಿ 200 ಸಿಗುತ್ತಿತ್ತು. ಇದು ಮೊದಲ ನಷ್ಟ. ಎರಡನೆಯದು ತಿಂಗಳು ಕಳೆದ ಮೇಲೆ ಗೊತ್ತಾಗುತ್ತದೆ. ಕಿಲೋ ಲೆಕ್ಕ ಒಪ್ಪಿಸಿದ ಮೇಲೆ ಇನ್ನೂ ತೆಳುವಾದ ಕಡ್ಡಿ ಬರುತ್ತದೆ, ಬತ್ತಿಯೂ ತೆಳುವಾಗಿರಲಿ ಎನ್ನುತ್ತಾರೆ. ಕಿಲೋಗೆ ಸಾವಿರದ ಮುನ್ನೂರು ಬತ್ತಿ ಬೇಕಾದರೆ ಸಾವಿರಕ್ಕೆ ಬೀಳುವುದು ಮೂವತ್ತೆರಡು ರೂಪಾಯಿ. ಹೊಸೆಯುವ ಹೊತ್ತು ಬತ್ತಿಯ ಎಣಿಕೆಗೆ ಅಂಟಿಕೊಂಡಿದೆ, ತೂಕಕ್ಕಲ್ಲ. ಆದ್ದರಿಂದ ಕೈಯಲ್ಲಿ ಹೊಸೆಯುವವರು ಯಾವಾಗಲೂ ಎಣಿಕೆಯ ದರಕ್ಕೇ ಕಟ್ಟುಬೀಳಬೇಕು. ಅನಿವಾರ್ಯವಾಗಿ ಕಿಲೋ ಲೆಕ್ಕಕ್ಕೆ ಒಪ್ಪುವುದಾದರೆ ಕಿಲೋಗೆ ಎಷ್ಟು ಬತ್ತಿ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು.

ತೂಕದ ಕಡಿತಕ್ಕೆ ಹೆಚ್ಚಿನ ಸಲ ಕಾರಣ ಮನೆಯಲ್ಲಿ ಇರುವುದಿಲ್ಲ, ಗೋದಾಮಿನ ತಕ್ಕಡಿಯಲ್ಲಿ ಇರುತ್ತದೆ. ಪುಡಿ ಕೊಡುವಾಗ ಚೀಲ ಸೇರಿಸಿ ತೂಗಿ, ಬತ್ತಿ ತೆಗೆದುಕೊಳ್ಳುವಾಗ ದಾರ ಬಿಟ್ಟು ತೂಗಿದರೆ ಅಲ್ಲೇ ವ್ಯತ್ಯಾಸ ಬಂತು. ಮಳೆಗಾಲದಲ್ಲಿ ಪುಡಿಯೇ ತೇವ ಹೀರಿರುತ್ತದೆ. ಮೂರೂವರೆ ಕಿಲೋ ಎಂದು ತಂದದ್ದರಲ್ಲಿ ನೂರು ನೂರೈವತ್ತು ಗ್ರಾಂ ಬರಿ ನೀರಿದ್ದರೆ, ಒಣಗಿದ ಬತ್ತಿಯಲ್ಲಿ ಅದು ಇರುವುದಿಲ್ಲ, ಹೊಸೆದವರ ತಲೆಗೆ ಬರುತ್ತದೆ. ಪತ್ತೆಹಚ್ಚುವುದು ಸುಲಭ. ತಂದ ದಿನವೇ ನೂರು ಗ್ರಾಂ ಪುಡಿಯನ್ನು ತಟ್ಟೆಯಲ್ಲಿ ಹರಡಿ ಬಿಸಿಲಿಗಿಟ್ಟು ಸಂಜೆ ಮತ್ತೆ ತೂಗಬೇಕು. 96 ಗ್ರಾಂ ಬಂದರೆ ಇಡೀ ಚೀಲದಲ್ಲಿ 140 ಗ್ರಾಂ ನೀರಿದೆ. ಇದಕ್ಕೆ ಅಡುಗೆಮನೆಯ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಸಾಕು, ನಾಲ್ಕು ಮನೆಯವರು ಸೇರಿ ಒಂದು ಕೊಂಡರೂ ಆಯಿತು.

ರಿಜೆಕ್ಟ್ ಯಾರ ತಪ್ಪು

ವಾಪಸ್ ಬರುವ ಬತ್ತಿಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿದರೆ ಕಾರಣ ತಿಳಿಯುತ್ತದೆ. ತುದಿ ದಪ್ಪ, ಬುಡ ಸಣ್ಣ ಇದ್ದರೆ ಅಂಗೈಯ ಒತ್ತು ಒಂದೇ ಸಮ ಬಿದ್ದಿಲ್ಲ. ಇದು ಹೊಸೆದವರದ್ದು, ಸಂಜೆಯ ಹೊತ್ತು ಕೈ ಸೋತಾಗ ಹೆಚ್ಚು. ಬತ್ತಿ ಬಿಲ್ಲಿನಂತೆ ಬಾಗಿದ್ದರೆ ನೆತ್ತಿಯ ಬಿಸಿಲಿಗೆ ಹಾಕಿದ್ದಾರೆ ಎಂದು ಅರ್ಥ, ಒಂದು ಬದಿ ಬೇಗ ಒಣಗಿ ಎಳೆದುಕೊಂಡಿದೆ. ಗಾಳಿಯಾಡುವ ನೆರಳಲ್ಲಿ ಮೊದಲು ಒಣಗಿಸಿ, ಕೊನೆಗೆ ಎಳೆಬಿಸಿಲು ತೋರಿಸಿದರೆ ಇದು ನಿಲ್ಲುತ್ತದೆ. ಒಣಗಿದ ಹಿಟ್ಟು ಸಿಪ್ಪೆಯಂತೆ ಕಡ್ಡಿಯಿಂದ ಬಿಟ್ಟುಕೊಂಡರೆ ಎರಡು ಸಾಧ್ಯತೆ: ಹಿಟ್ಟು ಗಟ್ಟಿಯಾಗಿ ಕಲಸಿದ್ದು, ಇಲ್ಲವೇ ಪುಡಿಯಲ್ಲಿ ಜಿಗಟು ಕಡಿಮೆ. ಬೇರ್ಪಡಿಸಲು, ಅದೇ ಪುಡಿಯ ಸ್ವಲ್ಪ ಹಿಟ್ಟನ್ನು ಮೆತ್ತಗೆ ಕಲಸಿ ಹತ್ತು ಬತ್ತಿ ಹೊಸೆದು ಒಣಗಿಸಿ ನೋಡಬೇಕು. ಆಗಲೂ ಬಿಟ್ಟುಕೊಂಡರೆ ಪುಡಿಯದೇ ತಪ್ಪು. ಹಚ್ಚಿದ ಬತ್ತಿ ನಡುವೆ ಆರಿಹೋದರೆ, ಅದು ಚೆನ್ನಾಗಿ ಒಣಗಿದ್ದೂ ಆರಿದರೆ, ಮಿಶ್ರಣದ ದೋಷ. ಪುಡಿ ಬೆರೆಸಿದ್ದು ಮನೆಯವರಲ್ಲ, ಆದ್ದರಿಂದ ಅದರ ಕಡಿತವನ್ನು ಒಪ್ಪಬೇಕಿಲ್ಲ. ಪ್ರತಿ ಸಲದ ಪುಡಿಯಲ್ಲಿ ಒಂದು ಹಿಡಿಯನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ತಾರೀಖು ಬರೆದು ಎತ್ತಿಟ್ಟುಕೊಂಡರೆ ಮಾತಾಡಲು ಆಧಾರ ಸಿಗುತ್ತದೆ.

ಒಣಗಿತೇ ಎಂದು ತಿಳಿಯಲು ಒಂದು ಬತ್ತಿಯನ್ನು ಮುರಿಯಬೇಕು. ಹಿಟ್ಟು ಚಟ್ಟನೆ ಒಡೆದರೆ ಆಗಿದೆ. ಮೆತ್ತಗೆ ಹಿಸುಕಿಕೊಂಡರೆ ಇನ್ನೂ ಒಳಗೆ ತೇವವಿದೆ. ಹಸಿ ಬತ್ತಿಯನ್ನು ಕಟ್ಟು ಕಟ್ಟಿಟ್ಟರೆ ಮೂರು ನಾಲ್ಕು ದಿನದಲ್ಲಿ ಕಟ್ಟಿನ ನಡುವೆ ಬಿಳಿ ಬೂಷ್ಟು ಹಿಡಿಯುತ್ತದೆ, ಮತ್ತೆ ಒಣಗಿಸಿದರೂ ಅದರ ಮುಗ್ಗಲು ವಾಸನೆ ಹೋಗುವುದಿಲ್ಲ, ಇಡೀ ಕಟ್ಟು ರಿಜೆಕ್ಟ್. ಬೇಸಿಗೆಯಲ್ಲಿ ಒಂದು ದಿನಕ್ಕೆ ಆಗುವುದು ಮಳೆ ಹಿಡಿದಾಗ ಮೂರು ದಿನ ಹಿಡಿಯುತ್ತದೆ. ಆ ಮೂರು ದಿನ ನಡುಮನೆಯ ನೆಲ ಬತ್ತಿಗೇ ಮೀಸಲು. ಆದ್ದರಿಂದ ಜಡಿಮಳೆಯ ತಿಂಗಳುಗಳಲ್ಲಿ ಮಾಲು ತರುವುದನ್ನು ಅರ್ಧಕ್ಕೆ ಇಳಿಸುವುದೇ ಸರಿ. ಸೊಟ್ಟ ಬತ್ತಿ ಕಂಡರೆ ಹಸಿಯಿರುವಾಗಲೇ ಹಿಟ್ಟು ಕಿತ್ತು ಮತ್ತೆ ಹೊಸೆಯಬೇಕು. ಹತ್ತು ಸೆಕೆಂಡಿನ ಕೆಲಸ. ಒಣಗಿದ ಮೇಲೆ ಅದು ಕಡ್ಡಿ, ಪುಡಿ, ದುಡ್ಡು ಮೂರರದ್ದೂ ನಷ್ಟ.

ಈ ಮನೆಯಲ್ಲಿ ದರ ಮುಟ್ಟದೆ ಐದು ಬದಲಾವಣೆ ಮಾಡಿದರೆ ಏನಾಗುತ್ತದೆ ನೋಡಿ. ಹಸಿಯಲ್ಲೇ ತಿದ್ದಿದರೆ ರಿಜೆಕ್ಟ್ 250ರಿಂದ ನೂರಕ್ಕೆ ಇಳಿಯುತ್ತದೆ. ಪುಡಿಯನ್ನು ಎದುರಿಗೇ ಚೀಲ ಬಿಟ್ಟು ತೂಗಿಸಿದರೆ ತೂಕದ ಕಡಿತ ನಿಲ್ಲುತ್ತದೆ. ಐನೂರು ಒಣಬತ್ತಿಯನ್ನು ಒಮ್ಮೆ ಎಣಿಸಿ ತೂಗಿ, ಉಳಿದ ಕಟ್ಟುಗಳನ್ನು ಆ ತೂಕಕ್ಕೆ ಹೊಂದಿಸಿದರೆ ಎಣಿಸುವ ಹೊತ್ತು ಅರ್ಧವಾಗುತ್ತದೆ. ಅಳತೆಯ ಲೋಟದಲ್ಲಿ ನೀರು ಹಾಕಿ ಕಲಸಿದರೆ ಹದ ತಪ್ಪಿ ತಿದ್ದುವ ಹತ್ತು ನಿಮಿಷ, ಎರಡು ಸಲದ ಮಾಲನ್ನು ಒಟ್ಟಿಗೆ ತಂದರೆ ಓಡಾಟದ ಇಪ್ಪತ್ತು ನಿಮಿಷ ಉಳಿಯುತ್ತದೆ. ಈಗ ಕೈಗೆ ಬರುವುದು 191 ರೂಪಾಯಿ, ಕೆಲಸ ಒಂಬತ್ತು ಗಂಟೆ ಇಪ್ಪತ್ತು ನಿಮಿಷ, ಗಂಟೆಗೆ ಇಪ್ಪತ್ತೂವರೆ. ಏಜೆಂಟ್ ಸಾವಿರಕ್ಕೆ ಐದು ರೂಪಾಯಿ ಏರಿಸಿದ್ದರೂ ಗಂಟೆಗೆ ಹೆಚ್ಚುತ್ತಿದ್ದದ್ದು ಎರಡೂಕಾಲು ರೂಪಾಯಿಯ ಆಸುಪಾಸು ಮಾತ್ರ, ಇಲ್ಲಿ ಮೂರು ಹೆಚ್ಚಿದೆ. ಆದರೂ ಇಪ್ಪತ್ತೂವರೆ ನಲವತ್ತಾರರ ಹತ್ತಿರವೂ ಇಲ್ಲ, ಅದನ್ನು ಮರೆಮಾಚುವಂತಿಲ್ಲ.

ಕಾನೂನಿನ ಕಡೆಯಿಂದಲೂ ಒಂದು ದಾರಿಯಿದೆ. ಕಚ್ಚಾ ಮಾಲು ತಂದು ಮನೆಯಲ್ಲಿ ಮಾಡಿಕೊಡುವವರನ್ನು 1948ರ ಕನಿಷ್ಠ ವೇತನ ಕಾಯ್ದೆಯೇ ನೌಕರರ ವ್ಯಾಖ್ಯೆಯಲ್ಲಿ ಸೇರಿಸಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮನೆಯಿಂದ ದುಡಿಯುವವರ ಹೆಸರಿದೆ. ಕರ್ನಾಟಕದಲ್ಲಿ ಊದಿನಕಡ್ಡಿ ಉದ್ಯಮಕ್ಕೆ ಕನಿಷ್ಠ ವೇತನ ನಿಗದಿಯಾಗಿದೆ, ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಈ ವರ್ಷದ ದರಪಟ್ಟಿಯನ್ನು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿ ಪಡೆದು, ಅದನ್ನು ಏಜೆಂಟರ ದರದ ಪಕ್ಕದಲ್ಲಿಡಬೇಕು. ದೂರು ಕೊಡುವ ಹಂತ ಬಂದರೆ ಬೇಕಾಗುವುದು ಮಾಲು ಕೊಟ್ಟ, ತೆಗೆದುಕೊಂಡ ದಾಖಲೆ. ತಾರೀಖು, ಕಡ್ಡಿ, ಪುಡಿ, ವಾಪಸ್ ಕೊಟ್ಟ ಎಣಿಕೆ, ಕಡಿತ, ಕೊಟ್ಟ ಹಣ ಇವನ್ನು ಒಂದು ಪುಸ್ತಕದಲ್ಲಿ ಬರೆದು ಪ್ರತಿ ಸಲ ಏಜೆಂಟರ ಸಹಿ ಹಾಕಿಸಿಕೊಳ್ಳಬೇಕು. ಸಹಿಗೆ ಒಪ್ಪದವರ ಬಳಿ ಅಡ್ವಾನ್ಸ್ ತೆಗೆದುಕೊಳ್ಳಬಾರದು. ಅಡ್ವಾನ್ಸ್ ತೀರುವವರೆಗೆ ಅವರು ಹೇಳಿದ್ದೇ ದರ, ಅವರು ಹೇಳಿದ್ದೇ ತೂಕ.

ಹಾಗಾದರೆ ಈ ಮನೆ ಏನು ಮಾಡಬೇಕು? ಎಳೆಮಗು ಅಥವಾ ಹಾಸಿಗೆ ಹಿಡಿದವರು ಇದ್ದು ಹೊರಗೆ ಹೋಗಲು ಆಗದಿದ್ದರೆ, ಬೇರೆ ಯಾರೂ ಕೊಳ್ಳದ ಆ ಬಿಡಿ ಗಂಟೆಗಳಿಗೆ ಇಪ್ಪತ್ತು ರೂಪಾಯಿ ಸಿಗುವುದನ್ನು ಬೇಡವೆನ್ನಲು ಕಾರಣವಿಲ್ಲ. ವಾರಕ್ಕೆ ಎರಡು ಸಲ ಮಾತ್ರ ಮಾಲು ತಂದು, ದಿನಕ್ಕೆ ಮೂರು ಗಂಟೆಯೊಳಗೆ ಮುಗಿಸುವಂತಿರಬೇಕು. ಅದಕ್ಕಿಂತ ಹೆಚ್ಚು ಕುಳಿತರೆ ಸೊಂಟ ಮತ್ತು ಮಂಡಿಯ ಔಷಧಿಗೆ ಈ ಹಣವೇ ಹೋಗುತ್ತದೆ. ದಿನವಿಡೀ ಕುಳಿತು ಸಂಸಾರ ತೂಗಿಸಲು ಈ ದರ ಸಾಲದು. ಉದ್ಯೋಗ ಖಾತ್ರಿ, ಹೊಲದ ಕೂಲಿ, ಶಾಲೆಯ ಅಡುಗೆ ಯಾವುದೇ ಸಿಗುವ ದಿನ ಮಣೆ ಎತ್ತಿಡುವುದೇ ಲಾಭ.

ಗಂಟೆಯ ಗಳಿಕೆ ಕಡಿಮೆ ಎಂದು ಗೊತ್ತಾದ ಕೂಡಲೇ ಯಂತ್ರ ಕೊಳ್ಳುವ ಆಸೆ ಹುಟ್ಟುತ್ತದೆ, ಅದಕ್ಕೆ ಸರಿಯಾಗಿ "ಯಂತ್ರ ಕೊಂಡರೆ ಮಾಲನ್ನು ನಾವೇ ವಾಪಸ್ ಕೊಳ್ಳುತ್ತೇವೆ" ಎನ್ನುವವರೂ ಬರುತ್ತಾರೆ. ಅಂಥ ಕರಾರಿನಲ್ಲಿ ಮೂರು ಸಂಗತಿ ನೋಡಬೇಕು: ಕೊಳ್ಳುವ ದರ ಎಷ್ಟು ತಿಂಗಳಿಗೆ ಖಾತ್ರಿ, ಪುಡಿಯನ್ನು ಅವರಲ್ಲೇ ಕೊಳ್ಳಬೇಕೆಂಬ ಷರತ್ತಿದೆಯೇ, ರಿಜೆಕ್ಟ್ ತೀರ್ಮಾನಿಸುವವರು ಯಾರು. ಪುಡಿಯ ಬೆಲೆಯೂ ರಿಜೆಕ್ಟಿನ ತೀರ್ಮಾನವೂ ಮಾರಿದವರ ಕೈಯಲ್ಲೇ ಇದ್ದರೆ, ಕಿಲೋಗೆ ಹದಿನೈದು ಎಂಬ ಕೂಲಿ ಕಾಗದದ ಮೇಲೆ ಉಳಿಯುತ್ತದೆ, ಸಾಲದ ಕಂತು ಮಾತ್ರ ಮನೆಗೆ ಬರುತ್ತದೆ. ಪ್ಯಾಕಿಂಗ್ ಕೆಲಸ ಕೊಡುತ್ತೇವೆಂದು ಫೋನಿನಲ್ಲೇ ನೋಂದಣಿ ಶುಲ್ಕ ಕೇಳುವವರಿಗೆ ಒಂದು ರೂಪಾಯಿಯನ್ನೂ ಕಳಿಸಬಾರದು. ಕೆಲಸ ಕೊಡುವವರು ಮಾಲು ಕೊಟ್ಟು ಕೂಲಿ ಕೊಡಬೇಕೇ ಹೊರತು ದುಡಿಯುವವರಿಂದ ಮೊದಲೇ ಹಣ ಪಡೆಯುವುದಲ್ಲ.